‘ಸರ್ಕ್ಯುಲರ್’ ಫಿಲ್ಟರ್ ಎಂದರೆ ದುಂಡಗಿನ ಫಿಲ್ಟರ್ ಅಲ್ಲ: ಕಾಲು-ತರಂಗ ಫಲಕ ಬೆಳಕನ್ನು ಸುತ್ತಿಸುವುದು ಹೇಗೆ?

ಮಡಿಕೇರಿ ಕಡೆಯ ಓದುಗರೊಬ್ಬರು ನಮಗೆ ಒಂದು ಪ್ರಶ್ನೆ ಕಳಿಸಿದ್ದರು. ಹೋಂಸ್ಟೇಗಳಿಗೆ, ಕಾಫಿ ತೋಟಗಳಿಗೆ ಫೋಟೊ ತೆಗೆದುಕೊಡುವುದು ಅವರ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ ಅಬ್ಬಿ ಜಲಪಾತದ ಬಂಡೆಗಳೂ ತೋಟದ ಎಲೆಗಳೂ ಒದ್ದೆಯಾಗಿ ಹೊಳೆಯುತ್ತಿರುತ್ತವೆ. ಕಣ್ಣಿಗೆ ಅದು ಚೆಂದ, ಆದರೆ ಫೋಟೊದಲ್ಲಿ ಆ ಹೊಳಪು ಬಿಳಿ ಮಚ್ಚೆಯಾಗಿ ಬಿದ್ದು ಎಲೆಯ ಹಸಿರನ್ನೇ ನುಂಗಿಬಿಡುತ್ತದೆ. ಅದನ್ನು ತೆಗೆಯಲೆಂದು ಅವರು ಲೆನ್ಸಿನ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ಉಂಗುರದ ಮೇಲೆ ‘ಸಿಪಿಎಲ್’, ಅಂದರೆ ಸರ್ಕ್ಯುಲರ್ ಪೋಲರೈಸರ್ ಎಂದು ಬರೆದಿತ್ತು.

ಫಿಲ್ಟರ್ ಹೊಳಪನ್ನು ಚೆನ್ನಾಗಿಯೇ ತೆಗೆಯುತ್ತಿತ್ತು. ಆದರೆ ಅದನ್ನು ತಿರುಗಿಸಿದಂತೆಲ್ಲ ಅವರ ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾದ ಲೆಕ್ಕ ತಪ್ಪುತ್ತಿತ್ತು. ಒಂದು ಫೋಟೊ ಕಪ್ಪಾದರೆ ಇನ್ನೊಂದು ತೀರಾ ಬೆಳ್ಳಗೆ, ಕೆಲವೊಮ್ಮೆ ಫೋಕಸ್ ಕೂಡ ಸಿಗುತ್ತಿರಲಿಲ್ಲ. ಮಾರಿದವರನ್ನು ಕೇಳಿದರೆ, “ಫಿಲ್ಟರ್ ದುಂಡಗೆ ಉಂಟಲ್ಲ, ತಿರುಗುತ್ತದಲ್ಲ, ಅದಕ್ಕೇ ಸರ್ಕ್ಯುಲರ್. ತೊಂದರೆ ನಿಮ್ಮ ಕ್ಯಾಮೆರಾದ್ದೇ” ಎಂಬ ಉತ್ತರ. ವಾಪಸ್ ಕೊಡಲು ಒಂದು ವಾರದ ಗಡುವಿತ್ತು. ಕ್ಯಾಮೆರಾ ರಿಪೇರಿಗೆ ಕೊಡಬೇಕೋ, ಫಿಲ್ಟರ್ ಹಿಂದಿರುಗಿಸಬೇಕೋ ಎಂಬುದು ಅವರ ಪ್ರಶ್ನೆ.

ಮೊದಲಿಗೆ ಮಿಥ್ಯೆಯನ್ನು ಪಕ್ಕಕ್ಕಿಡೋಣ. ‘ಸರ್ಕ್ಯುಲರ್’ ಎಂಬುದು ಫಿಲ್ಟರಿನ ಆಕಾರಕ್ಕೆ ಇಟ್ಟ ಹೆಸರಲ್ಲ. ಅದರಿಂದ ಹೊರಬರುವ ಬೆಳಕಿನ ಗುಣಕ್ಕೆ ಇಟ್ಟ ಹೆಸರು. ಆ ಗುಣವನ್ನು ಕೊಡುವುದು ಫಿಲ್ಟರಿನ ಹಿಂಬದಿಯಲ್ಲಿ ಅಂಟಿಸಿರುವ ಕೂದಲಿಗಿಂತ ತೆಳುವಾಗಿರಬಲ್ಲ ಒಂದು ಹಾಳೆ. ಅದರ ಹೆಸರು ಕಾಲು-ತರಂಗ ಫಲಕ. ಅದು ಇದೆಯೋ ಇಲ್ಲವೋ ಎಂದು ಮನೆಯ ಕನ್ನಡಿಯಲ್ಲೇ ಪರೀಕ್ಷಿಸಬಹುದು. ಆದರೆ ಪರೀಕ್ಷೆ ಅರ್ಥವಾಗಬೇಕಾದರೆ ಆ ಹಾಳೆ ಮಾಡುವ ಕೆಲಸ ಮೊದಲು ತಿಳಿಯಬೇಕು.

## ಒದ್ದೆ ಎಲೆಯ ಹೊಳಪಿನಲ್ಲಿ ಏನಿದೆ?

ಬೆಳಕು ಒಂದು ಅಲೆ. ಅದು ಮುಂದೆ ಸಾಗುವಾಗ ಅದರಲ್ಲಿರುವ ವಿದ್ಯುತ್ ಕ್ಷೇತ್ರ ಸಾಗುವ ದಿಕ್ಕಿಗೆ ಅಡ್ಡಲಾಗಿ ತೂಗಾಡುತ್ತದೆ. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಈ ತೂಗಾಟಕ್ಕೆ ಗೊತ್ತಾದ ದಿಕ್ಕಿಲ್ಲ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಓರೆಯಾಗಿ, ಎಲ್ಲವೂ ಕಲಸಿರುತ್ತವೆ. ಅದೇ ಬೆಳಕು ನೀರಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ, ನೀರಿನ ಮೇಲ್ಮೈಗೆ ಸಮಾನಾಂತರವಾಗಿ ತೂಗುವ ಭಾಗವೇ ಹೆಚ್ಚಾಗಿ ಹಿಂದಿರುಗುತ್ತದೆ. ನೇರ ಲಂಬದಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ಬಿದ್ದ ಬೆಳಕಿನ ಪ್ರತಿಫಲನದಲ್ಲಿ ಈ ಒಂದೇ ತೂಗಾಟ ಉಳಿಯುತ್ತದೆ. ಹೀಗೆ ಒಂದೇ ಗೆರೆಯಲ್ಲಿ ತೂಗುವ ಬೆಳಕನ್ನು ರೇಖೀಯ ಧ್ರುವೀಕೃತ ಬೆಳಕು ಎನ್ನುತ್ತೇವೆ.

ಪೋಲರೈಸರ್ ಹಾಳೆ ಒಂದು ದಿಕ್ಕಿನ ತೂಗಾಟವನ್ನು ಮಾತ್ರ ಬಿಟ್ಟುಕೊಟ್ಟು ಉಳಿದದ್ದನ್ನು ಹೀರಿಕೊಳ್ಳುತ್ತದೆ. ಫಿಲ್ಟರನ್ನು ತಿರುಗಿಸಿ ಅದರ ದಿಕ್ಕನ್ನು ನೆಟ್ಟಗೆ ನಿಲ್ಲಿಸಿದರೆ ಬಂಡೆಯ ಮೇಲಿನ ಅಡ್ಡ ತೂಗಾಟದ ಹೊಳಪು ಒಳಗೆ ಬರುವುದಿಲ್ಲ, ಎಲೆಯೊಳಗಿಂದ ಬರುವ ಹಸಿರು ಬೆಳಕು ಬರುತ್ತದೆ. ಇಲ್ಲಿಗೆ ಛಾಯಾಗ್ರಾಹಕರಿಗೆ ಬೇಕಾದ ಕೆಲಸ ಮುಗಿಯಿತು. ಇದಕ್ಕೆ ಸಾದಾ ರೇಖೀಯ ಪೋಲರೈಸರ್ ಸಾಕು.

ತೊಂದರೆ ಇರುವುದು ಆಮೇಲೆ. ಹೊರಬಂದ ಬೆಳಕು ಈಗ ಒಂದೇ ಗೆರೆಯಲ್ಲಿ ತೂಗುತ್ತಿದೆ. ಡಿಎಸ್ಎಲ್ಆರ್ ಕ್ಯಾಮೆರಾದೊಳಗೆ ಒಂದು ಓರೆ ಕನ್ನಡಿಯಿದ್ದು, ಅದರ ಒಂದು ಭಾಗ ಅರೆಪಾರದರ್ಶಕ. ಅದು ಬೆಳಕಿನ ಒಂದು ಪಾಲನ್ನು ಮೇಲಕ್ಕೆ, ಇನ್ನೊಂದು ಪಾಲನ್ನು ಫೋಕಸ್ ನೋಡುವ ಸಂವೇದಕಕ್ಕೆ ಕಳಿಸುತ್ತದೆ. ಒದ್ದೆ ಬಂಡೆಯಂತೆಯೇ ಈ ಓರೆ ಕನ್ನಡಿಗೂ ಒಂದು ದಿಕ್ಕಿನ ತೂಗಾಟ ಹೆಚ್ಚು ಪ್ರತಿಫಲಿಸುವ ಗುಣವಿದೆ. ಹಾಗಾಗಿ ಫಿಲ್ಟರನ್ನು ತಿರುಗಿಸಿದರೆ ಎರಡು ಪಾಲುಗಳ ಪ್ರಮಾಣವೇ ಬದಲಾಗಿ ಕ್ಯಾಮೆರಾ ಬೆಳಕನ್ನು ತಪ್ಪಾಗಿ ಅಳೆಯುತ್ತದೆ. ಇದಕ್ಕೆ ಪರಿಹಾರವೆಂದರೆ, ಹೊಳಪನ್ನು ಸೋಸಿದ ಮೇಲೆ ಬೆಳಕಿನ ಆ ‘ಒಂದೇ ಗೆರೆ’ಯ ಗುಣವನ್ನು ಅಳಿಸಿ, ಎಲ್ಲ ದಿಕ್ಕಿಗೂ ಸಮಪಾಲು ಇರುವಂತೆ ಮಾಡಿ ಕ್ಯಾಮೆರಾಕ್ಕೆ ಕೊಡುವುದು.

## ದಾರಕ್ಕೆ ಕಟ್ಟಿದ ಬೀಗ

ಗೆರೆ ವೃತ್ತವಾಗುವುದು ಹೇಗೆಂದು ಕಣ್ಣಾರೆ ನೋಡಲು ಉದ್ದ ದಾರಕ್ಕೆ ಒಂದು ಬೀಗ ಕಟ್ಟಿ ಜಂತಿಗೆ ನೇತುಹಾಕಿ.

ಬೀಗವನ್ನು ಉತ್ತರಕ್ಕೆ ತಳ್ಳಿದರೆ ಅದು ಉತ್ತರ-ದಕ್ಷಿಣವಾಗಿ ತೂಗುತ್ತದೆ. ಅದು ನಟ್ಟನಡುವೆ ಹಾದುಹೋಗುವ ಕ್ಷಣದಲ್ಲೇ ಪೂರ್ವಕ್ಕೂ ಅಷ್ಟೇ ಜೋರಾಗಿ ತಳ್ಳಿದರೆ? ಎರಡು ತೂಗಾಟಗಳು ಜೊತೆಜೊತೆಗೆ ಸಾಗಿ, ಬೀಗ ಈಶಾನ್ಯ-ನೈಋತ್ಯದ ಓರೆ ಗೆರೆಯಲ್ಲಿ ಓಡಾಡುತ್ತದೆ. ಅಂದರೆ ಒಂದು ಓರೆ ಗೆರೆಯನ್ನು ಎರಡು ಸಮನಾದ, ಪರಸ್ಪರ ಲಂಬವಾದ ತೂಗಾಟಗಳ ಮೊತ್ತ ಎಂದು ನೋಡಬಹುದು.

ಈಗ ಸ್ವಲ್ಪ ಕಾಯಿರಿ. ಬೀಗ ಉತ್ತರದ ತುತ್ತತುದಿಗೆ ಹೋಗಿ ಒಂದು ಗಳಿಗೆ ನಿಂತಾಗ ಪೂರ್ವಕ್ಕೆ ತಳ್ಳಿ. ತಳ್ಳುವಿಕೆ ಹದವಾಗಿದ್ದರೆ ಬೀಗ ವೃತ್ತದಲ್ಲಿ ಸುತ್ತತೊಡಗುತ್ತದೆ. ಮೊದಲ ಸಲಕ್ಕೂ ಈಗಿಗೂ ಇರುವ ವ್ಯತ್ಯಾಸ ಒಂದೇ: ಎರಡನೆಯ ತೂಗಾಟ ಕಾಲು ಸುತ್ತಿನಷ್ಟು ತಡವಾಗಿ ಶುರುವಾಗಿದೆ. ಎರಡನೆಯ ತಳ್ಳುವಿಕೆ ಮೊದಲಿಗಿಂತ ಕಡಿಮೆಯಾದರೆ ವೃತ್ತದ ಬದಲು ಮೊಟ್ಟೆಯಾಕಾರದ ದೀರ್ಘವೃತ್ತ ಬರುತ್ತದೆ. ಅರ್ಧ ಸುತ್ತು ತಡಮಾಡಿ, ಬೀಗ ಹಿಂದಕ್ಕೆ ಬರುತ್ತ ನಡುವನ್ನು ಹಾಯುವಾಗ ಪೂರ್ವಕ್ಕೆ ತಳ್ಳಿದರೆ ಮತ್ತೆ ಗೆರೆಯೇ ಸಿಗುತ್ತದೆ. ಆದರೆ ಈ ಸಲ ಅದು ವಾಯವ್ಯ-ಆಗ್ನೇಯದ ಗೆರೆ, ಮೊದಲ ಗೆರೆಗೆ ನೇರ ಲಂಬ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕನ್ನಡಿ ಪರೀಕ್ಷೆ ನಿಂತಿರುವುದೇ ಅದರ ಮೇಲೆ.

ಬೆಳಕಿನಲ್ಲೂ ಹೀಗೆಯೇ. ಓರೆ ಗೆರೆಯಲ್ಲಿ ತೂಗುವ ಬೆಳಕನ್ನು ಎರಡು ಸಮಪಾಲಾಗಿ ಒಡೆದು, ಒಂದು ಪಾಲನ್ನು ಕಾಲು ತರಂಗದಷ್ಟು ತಡಮಾಡಿದರೆ ವಿದ್ಯುತ್ ಕ್ಷೇತ್ರ ತಿರುಪಿನಂತೆ ಸುತ್ತುತ್ತ ಸಾಗುತ್ತದೆ. ಅದೇ ವೃತ್ತೀಯ ಧ್ರುವೀಕೃತ ಬೆಳಕು. ಅದರಲ್ಲಿ ಯಾವ ದಿಕ್ಕಿಗೂ ಹೆಚ್ಚು ಪಾಲಿಲ್ಲ. ಹಾಗಾಗಿ ಕ್ಯಾಮೆರಾದ ಓರೆ ಕನ್ನಡಿ ಅದನ್ನು ಸಾಮಾನ್ಯ ಬೆಳಕಿನಂತೆಯೇ ಹಂಚುತ್ತದೆ.

## ತಡಮಾಡುವುದು ಯಾರು?

ತಡಮಾಡುವ ಕೆಲಸ ಹರಳಿನದು. ಗಾಜಿನಲ್ಲಿ ಬೆಳಕು ಯಾವ ದಿಕ್ಕಿಗೆ ತೂಗಿದರೂ ಒಂದೇ ವೇಗದಲ್ಲಿ ಸಾಗುತ್ತದೆ. ಆದರೆ ಕ್ಯಾಲ್ಸೈಟ್, ಬೆಣಚುಕಲ್ಲು, ಅಭ್ರಕ ಮುಂತಾದ ಹರಳುಗಳೊಳಗೆ ಪರಮಾಣುಗಳ ಜೋಡಣೆ ಎಲ್ಲ ದಿಕ್ಕಿನಲ್ಲೂ ಒಂದೇ ಥರ ಇಲ್ಲ. ಒಂದು ದಿಕ್ಕಿಗೆ ತೂಗುವ ಬೆಳಕು ಬೇಗ ಸಾಗಿದರೆ ಅದಕ್ಕೆ ಲಂಬವಾಗಿ ತೂಗುವ ಬೆಳಕು ನಿಧಾನವಾಗಿ ಸಾಗುತ್ತದೆ. ಈ ಗುಣಕ್ಕೆ ದ್ವಿವಕ್ರೀಭವನ ಎಂದು ಹೆಸರು. 1669ರಲ್ಲಿ ಡೆನ್ಮಾರ್ಕಿನ ಬಾರ್ಥೊಲಿನ್ ಐಸ್‌ಲ್ಯಾಂಡಿನಿಂದ ಬಂದ ಕ್ಯಾಲ್ಸೈಟ್ ಹರಳಿನಲ್ಲಿ ಒಂದೇ ವಸ್ತು ಎರಡಾಗಿ ಕಾಣುವುದನ್ನು ವರ್ಣಿಸಿದ್ದು ಇದನ್ನೇ.

ಬೆಣಚುಕಲ್ಲಿನಲ್ಲಿ ಲೆಕ್ಕ ಹಾಕಿ ನೋಡೋಣ. ಅದರಲ್ಲಿ ಎರಡು ದಿಕ್ಕುಗಳ ವಕ್ರೀಭವನ ಸೂಚ್ಯಂಕಗಳು ಸುಮಾರು 1.544 ಮತ್ತು 1.553. ವ್ಯತ್ಯಾಸ ಸುಮಾರು 0.009. ಅಂದರೆ ಹರಳಿನೊಳಗೆ 1 ಮಿ.ಮೀ. ಸಾಗಿದರೆ ನಿಧಾನದ ಪಾಲು 0.009 ಮಿ.ಮೀ.ನಷ್ಟು ಹಿಂದೆ ಬೀಳುತ್ತದೆ. ನಮಗೆ ಬೇಕಾದ್ದು ಕಾಲು ತರಂಗದಷ್ಟು ಹಿಂದೆ ಬೀಳುವುದು ಮಾತ್ರ. ಹಸಿರು ಬೆಳಕಿನ ತರಂಗದೂರ ಸುಮಾರು 550 ನ್ಯಾನೊಮೀಟರ್. ಅದರ ಕಾಲು ಭಾಗ 137.5 ನ್ಯಾನೊಮೀಟರ್.

ದಪ್ಪ = ತರಂಗದೂರ ÷ (4 × ವ್ಯತ್ಯಾಸ) = 550 ÷ (4 × 0.009) ≈ 15,300 ನ್ಯಾನೊಮೀಟರ್

ಅಂದರೆ ಸುಮಾರು 0.015 ಮಿ.ಮೀ. ನಮ್ಮ ತಲೆಗೂದಲೂ ಇದಕ್ಕಿಂತ ದಪ್ಪ. ಇಷ್ಟು ತೆಳುವಾಗಿ ಕಲ್ಲನ್ನು ಉಜ್ಜಿದರೆ ಕೈಯಲ್ಲಿ ಹಿಡಿಯುವ ಮೊದಲೇ ಒಡೆಯುತ್ತದೆ.

ಆದ್ದರಿಂದ ಬಹಳ ಕಾಲ ಈ ಕೆಲಸಕ್ಕೆ ಬಳಕೆಯಾದದ್ದು ಅಭ್ರಕ, ನಮ್ಮ ಮಾತಿನಲ್ಲಿ ಕಾಗೆಬಂಗಾರ. ಅದನ್ನು ಪದರ ಪದರವಾಗಿ ಬ್ಲೇಡಿನಿಂದ ಸೀಳಬಹುದು. ಸೀಳಿದ ಹಾಳೆಯಲ್ಲಿ ಎರಡು ದಿಕ್ಕುಗಳ ವ್ಯತ್ಯಾಸ ಬೆಣಚುಕಲ್ಲಿನ ಸುಮಾರು ಅರ್ಧದಷ್ಟಿರುವುದರಿಂದ ದಪ್ಪ ಇಮ್ಮಡಿಯಾಗಿ 0.03 ಮಿ.ಮೀ.ನ ಆಸುಪಾಸಿಗೆ ಬರುತ್ತದೆ. ಅದು ಬಾಗುತ್ತದೆ, ಒಡೆಯುವುದಿಲ್ಲ. ಇಂದಿನ ಕ್ಯಾಮೆರಾ ಫಿಲ್ಟರುಗಳಲ್ಲಿ ಹರಳಿನ ಬದಲು ಒಂದು ದಿಕ್ಕಿಗೆ ಎಳೆದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಎಳೆದಾಗ ಅದರ ಉದ್ದನೆಯ ಅಣುಗಳು ಒಂದೇ ಕಡೆಗೆ ಸಾಲುಗಟ್ಟುತ್ತವೆ, ಹಾಗಾಗಿ ಹರಳಿನಂತೆಯೇ ಎರಡು ವೇಗಗಳು ಹುಟ್ಟುತ್ತವೆ.

ದಪ್ಪದಷ್ಟೇ ಮುಖ್ಯವಾದದ್ದು ಹಾಳೆಯನ್ನು ಕೂಡಿಸುವ ಕೋನ. ಪೋಲರೈಸರಿನಿಂದ ಬಂದ ಗೆರೆ ಫಲಕದ ಎರಡು ಅಕ್ಷಗಳಿಗೂ ಸರಿಯಾಗಿ 45 ಡಿಗ್ರಿಯಲ್ಲಿರಬೇಕು. ಆಗ ಮಾತ್ರ ಎರಡು ಪಾಲುಗಳು ಸಮನಾಗುತ್ತವೆ. ಕೋನ ತಪ್ಪಿದರೆ ಬೀಗದ ಪ್ರಯೋಗದಲ್ಲಿ ಕಂಡಂತೆ ದೀರ್ಘವೃತ್ತ ಬರುತ್ತದೆ. ಗೆರೆ ಒಂದು ಅಕ್ಷದ ಮೇಲೆಯೇ ಬಿದ್ದರಂತೂ ಇನ್ನೊಂದು ಪಾಲೇ ಇರುವುದಿಲ್ಲ, ಬೆಳಕು ಬಂದಂತೆಯೇ ಗೆರೆಯಾಗಿ ಹೊರಹೋಗುತ್ತದೆ. ಸಿಪಿಎಲ್ ಫಿಲ್ಟರಿನಲ್ಲಿ ಪೋಲರೈಸರ್ ಮತ್ತು ಫಲಕವನ್ನು ಒಟ್ಟಿಗೆ ಅಂಟಿಸಿರುವುದು ಇದಕ್ಕಾಗಿ. ನೀವು ಎಷ್ಟೇ ತಿರುಗಿಸಿದರೂ ಎರಡೂ ಜೊತೆಗೇ ತಿರುಗುತ್ತವೆ, 45 ಡಿಗ್ರಿ ಹಾಗೆಯೇ ಉಳಿಯುತ್ತದೆ.

## ಕನ್ನಡಿ ಪರೀಕ್ಷೆ

ಈಗ ಓದುಗರ ಫಿಲ್ಟರಿಗೆ ಬರೋಣ. ಸಿಪಿಎಲ್‌ನ ಮುಂಬದಿಯಲ್ಲಿ, ಅಂದರೆ ದೃಶ್ಯದ ಕಡೆಗೆ, ಪೋಲರೈಸರ್ ಇರುತ್ತದೆ. ಲೆನ್ಸಿಗೆ ತಿರುಗಿಸಿ ಕೂರಿಸುವ ಹಿಂಬದಿಯಲ್ಲಿ ಕಾಲು-ತರಂಗ ಫಲಕ ಇರುತ್ತದೆ.

ಒಂದು ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, ಫಿಲ್ಟರಿನ ಹಿಂಬದಿ ಕೆಳಗಾಗುವಂತೆ ಅದರ ಮೇಲಿಟ್ಟು ನೇರವಾಗಿ ಮೇಲಿನಿಂದ ನೋಡಿ. ಕೋಣೆಯ ಬೆಳಕು ಪೋಲರೈಸರ್ ಹೊಕ್ಕು ಗೆರೆಯಾಗುತ್ತದೆ, ಫಲಕ ಹೊಕ್ಕು ಕಾಲು ತರಂಗ ತಡವಾಗಿ ವೃತ್ತವಾಗುತ್ತದೆ, ಕನ್ನಡಿಗೆ ತಾಗಿ ಹಿಂದಿರುಗಿ ಅದೇ ಫಲಕವನ್ನು ಎರಡನೆಯ ಸಲ ಹಾಯುತ್ತದೆ. ನಿಧಾನದ ಪಾಲು ಮತ್ತೆ ಕಾಲು ತರಂಗ ಹಿಂದೆ ಬೀಳುತ್ತದೆ. ಕಾಲು ಮತ್ತು ಕಾಲು ಸೇರಿ ಅರ್ಧ. ಅರ್ಧ ಸುತ್ತು ತಡವಾದರೆ ಬೀಗ ಏನು ಮಾಡಿತ್ತು? ಮೊದಲ ಗೆರೆಗೆ ಲಂಬವಾದ ಗೆರೆಯಲ್ಲಿ ತೂಗಿತ್ತು. ಇಲ್ಲಿಯೂ ಬೆಳಕು ಅಡ್ಡಕ್ಕೆ ತಿರುಗಿದ ಗೆರೆಯಾಗಿ ಪೋಲರೈಸರಿಗೆ ಬರುತ್ತದೆ, ಪೋಲರೈಸರ್ ಅದನ್ನು ತಡೆಯುತ್ತದೆ. ಫಿಲ್ಟರಿನ ಒಳಭಾಗ ಕಪ್ಪಾಗಿ ಕಾಣುತ್ತದೆ.

ಈಗ ಫಿಲ್ಟರನ್ನು ಮಗುಚಿ, ಮುಂಬದಿ ಕನ್ನಡಿಯ ಕಡೆಗಿರಲಿ. ಕನ್ನಡಿಗೆ ಹೋಗುವುದು ಗೆರೆಯ ಬೆಳಕು, ಹಿಂದಿರುಗುವುದೂ ಅದೇ ಗೆರೆಯ ಬೆಳಕು. ಪೋಲರೈಸರ್ ಅದನ್ನು ಬಿಟ್ಟುಕೊಡುತ್ತದೆ, ಫಿಲ್ಟರ್ ಬೆಳ್ಳಗೆ ಕಾಣುತ್ತದೆ. ಒಂದು ಬದಿಗೆ ಕಪ್ಪು, ಇನ್ನೊಂದು ಬದಿಗೆ ಬೆಳಕು ಕಂಡರೆ ಅದು ನಿಜವಾದ ಸಿಪಿಎಲ್. ಎರಡೂ ಬದಿಗೆ ಬೆಳಕೇ ಕಂಡರೆ ಅದು ಸಾದಾ ರೇಖೀಯ ಪೋಲರೈಸರ್. ಕನ್ನಡಿ ಇಲ್ಲದಿದ್ದರೆ ಹೊಳಪಿರುವ ಸ್ಟೀಲ್ ತಟ್ಟೆಯಲ್ಲೂ ನೋಡಬಹುದು.

ಅನುಮಾನ ಉಳಿದರೆ ಎರಡನೆಯ ಪರೀಕ್ಷೆಯೂ ಇದೆ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟವೊಂದನ್ನು ತೆರೆಯಿರಿ. ಆ ಪರದೆಯಿಂದ ಬರುವುದು ರೇಖೀಯ ಧ್ರುವೀಕೃತ ಬೆಳಕು. ಫಿಲ್ಟರಿನ ಮುಂಬದಿ ಪರದೆಯ ಕಡೆಗಿಟ್ಟು ತಿರುಗಿಸಿದರೆ ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಹಿಂಬದಿಯನ್ನು ಪರದೆಯ ಕಡೆಗಿಟ್ಟು ತಿರುಗಿಸಿದರೆ ಸಿಪಿಎಲ್ ಎಲ್ಲೂ ಪೂರ್ತಿ ಕಪ್ಪಾಗದೆ ಹೆಚ್ಚುಕಡಿಮೆ ಒಂದೇ ಮಟ್ಟದ ಬೆಳಕು ಕೊಡುತ್ತದೆ, ಬಣ್ಣ ಮಾತ್ರ ಸ್ವಲ್ಪ ಹಳದಿಗೋ ನೀಲಿಗೋ ಹೊರಳಬಹುದು. ರೇಖೀಯ ಫಿಲ್ಟರ್ ಎರಡೂ ಬದಿಯಿಂದ ಕಪ್ಪಾಗುತ್ತದೆ.

ಓದುಗರು ಮನೆಯಲ್ಲಿ ಎರಡೂ ಪರೀಕ್ಷೆ ಮಾಡಿ ನಮಗೆ ವಿಡಿಯೊ ಕಳಿಸಿದರು. ಕನ್ನಡಿಯ ಮೇಲೆ ಎರಡೂ ಬದಿ ಬೆಳಕು, ಪರದೆಯ ಮುಂದೆ ಎರಡೂ ಬದಿ ಕಪ್ಪು. ಉಂಗುರದ ಮೇಲಿನ ಅಕ್ಷರ ಏನೇ ಹೇಳಲಿ, ಒಳಗೆ ಕಾಲು-ತರಂಗ ಫಲಕ ಇರಲಿಲ್ಲ.

## ಕಪ್ಪು ಏಕೆ ನೇರಳೆಯಾಗಿ ಕಾಣುತ್ತದೆ?

ಹೋಲಿಸಿ ನೋಡಲೆಂದು ನಾವು ಅದೇ ಪರೀಕ್ಷೆಯನ್ನು ನಮ್ಮಲ್ಲಿದ್ದ ನಿಜವಾದ ಸಿಪಿಎಲ್‌ನಲ್ಲಿ ಮಾಡಿದೆವು. ಅದು ಕಪ್ಪಾಯಿತು, ಆದರೆ ಮಸಿಯಂಥ ಕಪ್ಪಲ್ಲ. ನೇರಳೆ ಹಣ್ಣಿನ ಬಣ್ಣದ ಕಪ್ಪು. ಇದು ಫಿಲ್ಟರಿನ ದೋಷವೆಂದು ಕೆಲವರು ತಿಳಿಯುತ್ತಾರೆ. ಅಲ್ಲ. ಒಂದೇ ಹಾಳೆಯ ಕಾಲು-ತರಂಗ ಫಲಕಕ್ಕೆ ಹುಟ್ಟಿನಿಂದಲೇ ಇರುವ ಮಿತಿ ಇದು.

ಮೇಲೆ ನಾವು ದಪ್ಪದ ಲೆಕ್ಕ ಹಾಕಿದ್ದು 550 ನ್ಯಾನೊಮೀಟರಿನ ಹಸಿರಿಗೆ. ಅದೇ ಹಾಳೆಯಲ್ಲಿ 450 ನ್ಯಾನೊಮೀಟರಿನ ನೀಲಿ ಬೆಳಕೂ 137.5 ನ್ಯಾನೊಮೀಟರಿನಷ್ಟೇ ಹಿಂದೆ ಬೀಳುತ್ತದೆ, ಆದರೆ ನೀಲಿಯ ಅಲೆ ಚಿಕ್ಕದು. ಒಂದು ಪೂರ್ತಿ ಅಲೆಯನ್ನು 360 ಡಿಗ್ರಿ ಎಂದುಕೊಂಡರೆ ಹಸಿರಿಗೆ ಸರಿಯಾಗಿ 90 ಡಿಗ್ರಿ ತಡವಾದಾಗ ನೀಲಿಗೆ 110 ಡಿಗ್ರಿ ತಡವಾಗುತ್ತದೆ. 650 ನ್ಯಾನೊಮೀಟರಿನ ಕೆಂಪಿಗೆ 76 ಡಿಗ್ರಿ ಮಾತ್ರ. ಹೀಗಾಗಿ ಹಸಿರು ವೃತ್ತವಾದರೆ ನೀಲಿ ಮತ್ತು ಕೆಂಪು ದೀರ್ಘವೃತ್ತಗಳಾಗುತ್ತವೆ. ಕನ್ನಡಿ ಪರೀಕ್ಷೆಯಲ್ಲಿ ಹಸಿರು ಪೂರ್ತಿ ತಡೆಯಲ್ಪಟ್ಟರೂ, ಪೋಲರೈಸರಿಗೆ ಹಿಂದಿರುಗಿ ಬಂದ ನೀಲಿಯಲ್ಲಿ ನೂರಕ್ಕೆ ಸುಮಾರು 12 ಪಾಲು, ಕೆಂಪಿನಲ್ಲಿ ಸುಮಾರು 6 ಪಾಲು ಸೋರಿ ಹೊರಬರುತ್ತದೆ. ನೀಲಿ ಮತ್ತು ಕೆಂಪು ಸೇರಿದರೆ ನೇರಳೆ. ಸರಳವಾಗಿರಲೆಂದು ಹಾಳೆಯ ಸೂಚ್ಯಂಕಗಳ ವ್ಯತ್ಯಾಸ ಎಲ್ಲ ಬಣ್ಣಕ್ಕೂ ಒಂದೇ ಎಂದು ಹಿಡಿದು ಈ ಲೆಕ್ಕ ಹಾಕಿದ್ದೇವೆ. ನಿಜದ ಹಾಳೆಯಲ್ಲಿ ಅಂಕಿಗಳು ಕೊಂಚ ಆಚೀಚೆ ಆಗುತ್ತವೆ.

ದಪ್ಪ ಹೆಚ್ಚಿಸಿದರೆ ಈ ದೋಷ ಇನ್ನೂ ಬೆಳೆಯುತ್ತದೆ. ತೆಳು ಬೆಣಚುಕಲ್ಲು ಒಡೆಯುತ್ತದೆಂದು ಸುಮಾರು 1 ಮಿ.ಮೀ. ದಪ್ಪದ ಫಲಕ ಮಾಡಿ, ಅದರಲ್ಲಿ 16 ಪೂರ್ತಿ ತರಂಗ ಮತ್ತು ಮೇಲೊಂದು ಕಾಲು ತರಂಗ ತಡವಾಗುವಂತೆ ಉಜ್ಜಬಹುದು. ಪೂರ್ತಿ ತರಂಗಗಳ ತಡ ಲೆಕ್ಕಕ್ಕೆ ಬರುವುದಿಲ್ಲ, ಉಳಿಯುವುದು ಕಾಲು ಮಾತ್ರ. 550 ನ್ಯಾನೊಮೀಟರಿನ ಲೇಸರಿಗೆ ಇದು ಸರಿ. ಆದರೆ ಬೆಳಕು 540 ನ್ಯಾನೊಮೀಟರಿಗೆ ಸರಿದರೆ ಅದೇ ತಡ 16.55 ತರಂಗವಾಗುತ್ತದೆ. ಕಾಲು-ತರಂಗ ಫಲಕವೆಂದು ಕೊಂಡದ್ದು ಹತ್ತೇ ನ್ಯಾನೊಮೀಟರ್ ಅಂತರದಲ್ಲಿ ಹೆಚ್ಚುಕಡಿಮೆ ಅರ್ಧ-ತರಂಗ ಫಲಕವಾಗಿ ಕೂರುತ್ತದೆ. ಬಿಳಿ ಬೆಳಕಿನ ಕೆಲಸಕ್ಕೆ ಇದು ಬಾರದು.

## ಬೆಂಗಳೂರಿನಲ್ಲಿ ಸಿಕ್ಕ ಉತ್ತರ

ಎಲ್ಲ ಬಣ್ಣಕ್ಕೂ ಕಾಲು ತರಂಗವೇ ತಡವಾಗುವ ಫಲಕ ಮಾಡಲು ಸಾಧ್ಯವೇ? ಈ ಪ್ರಶ್ನೆಗೆ ಇಂದಿಗೂ ಬಳಕೆಯಲ್ಲಿರುವ ಒಂದು ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಕೊಟ್ಟವರು ಎಸ್. ಪಂಚರತ್ನಂ. ಸಿ. ವಿ. ರಾಮನ್ ಅವರ ಸೋದರಳಿಯ. 1934ರಲ್ಲಿ ಹುಟ್ಟಿದ ಅವರು ಈ ಕುರಿತ ಲೇಖನಗಳನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನಲ್ಲಿ ಪ್ರಕಟಿಸಿದ್ದು 1955ರಲ್ಲಿ, ಇಪ್ಪತ್ತರ ಆರಂಭದ ವಯಸ್ಸಿನಲ್ಲಿ.

ಬೇರೆ ಬೇರೆ ಹರಳುಗಳನ್ನು ಜೋಡಿಸಿ ಒಂದರ ತಪ್ಪನ್ನು ಇನ್ನೊಂದರಿಂದ ಸರಿದೂಗಿಸುವುದು ಒಂದು ದಾರಿ. ಆದರೆ ಅದಕ್ಕೆ ಗುಣಗಳು ಹೊಂದುವ ಹರಳುಗಳೇ ಸಿಗಬೇಕು. ಪಂಚರತ್ನಂ ಒಂದೇ ವಸ್ತುವಿನ ಮೂರು ಫಲಕಗಳನ್ನು ತೆಗೆದುಕೊಂಡರು. ಹೊರಗಿನ ಎರಡು ತದ್ರೂಪು, ಅವುಗಳ ಅಕ್ಷಗಳೂ ಒಂದೇ ಕಡೆಗೆ. ಒಂದೊಂದೂ ಸುಮಾರು 115 ಡಿಗ್ರಿ ತಡಮಾಡುತ್ತದೆ. ನಡುವಿನದು 180 ಡಿಗ್ರಿ ತಡಮಾಡುವ ಅರ್ಧ-ತರಂಗ ಫಲಕ. ಅದರ ಅಕ್ಷವನ್ನು ಹೊರಗಿನವುಗಳ ಅಕ್ಷದಿಂದ ಸುಮಾರು 71 ಡಿಗ್ರಿ ತಿರುಗಿಸಿ ಇಡಲಾಗುತ್ತದೆ. ಮೂರರಲ್ಲಿ ಯಾವುದೂ ಒಂಟಿಯಾಗಿ ಕಾಲು-ತರಂಗ ಫಲಕವಲ್ಲ, ಮೂರೂ ಸೇರಿದರೆ ಒಂದು ಕಾಲು-ತರಂಗ ಫಲಕ.

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅವರು ಬಳಸಿದ ಚಿತ್ರವನ್ನೇ ನೋಡಬೇಕು. ಫ್ರಾನ್ಸಿನ ಪೊಆಂಕರೆ ಕೊಟ್ಟ ಗೋಳ ಅದು. ಭೂಗೋಳದಂಥ ಒಂದು ಚೆಂಡನ್ನು ಊಹಿಸಿಕೊಳ್ಳಿ. ಭೂಮಧ್ಯರೇಖೆಯ ಮೇಲಿನ ಒಂದೊಂದು ಬಿಂದುವೂ ಒಂದೊಂದು ದಿಕ್ಕಿನ ರೇಖೀಯ ಬೆಳಕು. ಎರಡು ಧ್ರುವಗಳು ಎಡಸುತ್ತು ಮತ್ತು ಬಲಸುತ್ತಿನ ವೃತ್ತೀಯ ಬೆಳಕು. ನಡುವಿನ ಜಾಗವೆಲ್ಲ ದೀರ್ಘವೃತ್ತಗಳು. ದ್ವಿವಕ್ರೀಭವನದ ಫಲಕ ಮಾಡುವುದಿಷ್ಟೇ: ಭೂಮಧ್ಯರೇಖೆಯ ಮೇಲಿನ ಒಂದು ಬಿಂದುವಿಗೆ ಕೀಲು ಹಾಕಿ ಇಡೀ ಗೋಳವನ್ನು ತಿರುಗಿಸುತ್ತದೆ. ಎಷ್ಟು ಡಿಗ್ರಿ ತಡವೋ ಅಷ್ಟು ಡಿಗ್ರಿ ತಿರುವು.

ಒಂದೇ ಫಲಕವಿದ್ದರೆ ಹಸಿರು 90 ಡಿಗ್ರಿ ತಿರುಗಿ ಸರಿಯಾಗಿ ಧ್ರುವಕ್ಕೆ ಬರುತ್ತದೆ. ನೀಲಿ ಧ್ರುವ ದಾಟಿ ಮುಂದೆ ಹೋಗುತ್ತದೆ, ಕೆಂಪು ಇತ್ತಲೇ ನಿಲ್ಲುತ್ತದೆ. ಮೂರು ಫಲಕಗಳಿದ್ದಾಗಲೂ ನೀಲಿ ಪ್ರತಿಯೊಂದರಲ್ಲೂ ಹೆಚ್ಚು ತಿರುಗುತ್ತದೆ. ಆದರೆ ನಡುವಿನ ಫಲಕದ ಕೀಲು ಬೇರೆ ಕಡೆ ಇರುವುದರಿಂದ, ಅಲ್ಲಿ ಹೆಚ್ಚಾಗಿ ತಿರುಗಿದ್ದು ಹೊರಗಿನ ಎರಡರಲ್ಲಿ ಹೆಚ್ಚಾಗಿ ತಿರುಗಿದ್ದನ್ನು ಹೊಡೆದುಹಾಕುತ್ತದೆ. ಕೆಂಪಿನ ಕೊರತೆಯೂ ಹಾಗೆಯೇ ತುಂಬುತ್ತದೆ. 115 ಮತ್ತು 71 ಎಂಬ ಅಂಕಿಗಳು ಈ ಹೊಡೆದಾಟ ಸರಿಹೊಂದುವಂತೆ ಆರಿಸಿದವು.

ಎಷ್ಟು ಸರಿಹೊಂದುತ್ತದೆ? ಅದೇ 450 ಮತ್ತು 650 ನ್ಯಾನೊಮೀಟರಿಗೆ ನಾವು ಲೆಕ್ಕ ಹಾಕಿ ನೋಡಿದೆವು. ಒಂಟಿ ಫಲಕದಲ್ಲಿ 110 ಮತ್ತು 76 ಡಿಗ್ರಿ ಇದ್ದ ತಡ ಮೂರು ಫಲಕಗಳ ಜೋಡಣೆಯಲ್ಲಿ ಸುಮಾರು 87 ಮತ್ತು 88 ಡಿಗ್ರಿಗೆ ಬಂದು ನಿಲ್ಲುತ್ತದೆ. ಕನ್ನಡಿ ಪರೀಕ್ಷೆಯಲ್ಲಿ ನೀಲಿಯ ಸೋರಿಕೆ ನೂರಕ್ಕೆ 12ರಿಂದ 0.3ಕ್ಕೂ ಕೆಂಪಿನದು 6ರಿಂದ 0.1ರ ಆಸುಪಾಸಿಗೂ ಇಳಿಯುತ್ತದೆ. ನೇರಳೆ ಹೋಗಿ ನಿಜವಾದ ಕಪ್ಪು ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದರ ಬದಲು ಮೂರು ಫಲಕ, ನಡುವಿನದನ್ನು ಸರಿಯಾದ ಕೋನದಲ್ಲಿ ಕೂರಿಸುವ ತಾಪತ್ರಯ. ಕ್ಯಾಮೆರಾದ ಅಳತೆಗೆ ಒಂಟಿ ಹಾಳೆ ಕೊಡುವ ದೀರ್ಘವೃತ್ತಗಳೇ ಸಾಕಾಗುತ್ತವೆ. ಹಲವು ಬಣ್ಣಗಳ ಬೆಳಕಿನ ಧ್ರುವೀಕರಣವನ್ನು ಒಟ್ಟಿಗೆ ಅಳೆಯುವ ಉಪಕರಣಗಳಿಗೆ ಸಾಕಾಗುವುದಿಲ್ಲ, ಅಲ್ಲಿ ಪಂಚರತ್ನಂ ಜೋಡಣೆ ಬೇಕು.

ಗೋಳದ ಮೇಲೆ ಬೆಳಕಿನ ಸ್ಥಿತಿಗಳನ್ನು ಹೀಗೆ ಓಡಾಡಿಸುತ್ತಲೇ ಅವರು 1956ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು. ಬೆಳಕು ಗೋಳದ ಮೇಲೆ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬಂದರೂ ಅದರ ಅಲೆ, ಸುತ್ತಿದ ಜಾಗದ ವಿಸ್ತೀರ್ಣಕ್ಕೆ ತಕ್ಕಂತೆ, ಒಂದಿಷ್ಟು ಸರಿದಿರುತ್ತದೆ. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರ್ರಿ ಕ್ವಾಂಟಮ್ ಭೌತವಿಜ್ಞಾನದಲ್ಲಿ ಇಂಥದೇ ಸಂಗತಿಯನ್ನು ವಿವರಿಸಿದ ಮೇಲೆ ಈ ಹಳೆಯ ಲೇಖನದ ಬೆಲೆ ಜಗತ್ತಿಗೆ ತಿಳಿಯಿತು. ಇಂದು ಅದಕ್ಕೆ ಪಂಚರತ್ನಂ–ಬೆರ್ರಿ ಹಂತ ಎಂದೇ ಹೆಸರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದ ಪಂಚರತ್ನಂ 1969ರಲ್ಲೇ, ಮಧ್ಯವಯಸ್ಸಿಗೆ ಬರುವ ಮೊದಲೇ, ತೀರಿಕೊಂಡಿದ್ದರು.

## ಹಾಗಾದರೆ ಫಿಲ್ಟರ್ ಏನಾಯಿತು?

ಓದುಗರು ಎರಡೂ ಪರೀಕ್ಷೆಗಳ ವಿಡಿಯೊವನ್ನು ಮಾರಿದವರಿಗೆ ಕಳಿಸಿದರು. ಗಡುವಿಗೆ ಇನ್ನೂ ಎರಡು ದಿನವಿತ್ತು, ಹಣ ವಾಪಸ್ ಬಂತು. ಕ್ಯಾಮೆರಾವನ್ನು ರಿಪೇರಿಗೆ ಕೊಡುವ ಅಗತ್ಯ ಬೀಳಲಿಲ್ಲ.

ನಿಮ್ಮಲ್ಲೂ ರೇಖೀಯ ಫಿಲ್ಟರ್ ಇದ್ದರೆ ಅದನ್ನು ಎಸೆಯಬೇಕಿಲ್ಲ. ಹೊಳಪು ತೆಗೆಯುವ ಕೆಲಸವನ್ನು ಅದು ಸಿಪಿಎಲ್‌ನಷ್ಟೇ ಚೆನ್ನಾಗಿ ಮಾಡುತ್ತದೆ. ಡಿಎಸ್ಎಲ್ಆರ್ ಆಗಿದ್ದರೆ ಫೋಕಸ್ ಮತ್ತು ಬೆಳಕಿನ ಪ್ರಮಾಣವನ್ನು ಕೈಯಾರೆ ಹೊಂದಿಸಿಕೊಳ್ಳಿ. ಅಳತೆಯ ದಾರಿಯಲ್ಲಿ ಓರೆ ಕನ್ನಡಿಯೇ ಇಲ್ಲದ ಮೊಬೈಲ್ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಈ ತೊಂದರೆಯಿಲ್ಲ. ಹಳೆಯ ಫಿಲ್ಟರ್ ಕೊಳ್ಳುವಾಗ ಮಾತ್ರ ಉಂಗುರದ ಮೇಲಿನ ಅಕ್ಷರ ನೋಡಿ ಸುಮ್ಮನಾಗದೆ, ಅಂಗಡಿಯ ಕನ್ನಡಿಯ ಮೇಲೆ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಇಟ್ಟು ನೋಡಿ. ಒಂದು ಬದಿಗೆ ನೇರಳೆಗಪ್ಪು ಕಂಡರೆ ಕಾಲು-ತರಂಗ ಫಲಕ ಒಳಗಿದೆ.